ಅತ್ತೆಗೆ ಹುಟ್ಟುಹಬ್ಬದ ಶುಭಾಶಯ

ಅತ್ತೆಯವರಿಗೆ ನಿಮ್ಮ ಸಣ್ಣ ಸೊಸೆಯ ನಮಸ್ಕಾರಗಳು.

ಆಧಾರ್ ಕಾರ್ಡಿನಲ್ಲಿ ನೀವು ಹುಟ್ಟಿದ್ದು ಜೂನ್ 1 ಎಂದಿದೆ. ಆದರೆ ಸೀಗಿ ಹುಣ್ಣಿಮೆಯ ಮರುದಿನ ಹುಟ್ಟಿದವಳು ನಾನು ಅಂತ ನೀವೇ ಹೇಳಿದ್ದಿರಿ, ಅಲ್ವಾ? ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಹುಟ್ಟುಹಬ್ಬದ ಶುಭಾಶಯಗಳು ಅತ್ತೆ. ನೂರು ವರ್ಷ ಚೆನ್ನಾಗಿರಿ.

ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಲ್ಲ. ಮಾವ ಇಲ್ಲದ ಮೊದಲ ವರ್ಷ ಇದು. ಎಲ್ಲರೂ ಕೇಕಿನ ಚಿತ್ರ ಕಳಿಸಲು ಶುರು ಮಾಡಿದರೆ ನಿಮ್ಮ ಮನಸ್ಸಿಗೆ ಹೇಗಾಗುತ್ತದೋ ಅನ್ನಿಸಿತು. ನಿನ್ನೆ ಚರಗ ಚೆಲ್ಲಲು ನೀವೂ ಹೊಲಕ್ಕೆ ಹೋಗಿದ್ದಿರಿ ಅಂತ ಅಕ್ಕ ಫೋನಿನಲ್ಲಿ ಹೇಳಿದರು. ಕೇಳಿ ಸಮಾಧಾನ ಆಯಿತು. ನಿಮ್ಮ ಊಟ, ಬಿಪಿ ಮಾತ್ರೆ ಎಲ್ಲವನ್ನೂ ಅಕ್ಕ ನೋಡಿಕೊಳ್ಳುತ್ತಾರೆ. ದೂರದಲ್ಲಿರುವ ನಮಗೆ ಅದೇ ದೊಡ್ಡ ಧೈರ್ಯ. ಅವರಿಗೂ ಇದನ್ನು ಓದಿ ಹೇಳಿ.

ಶಿವಮೊಗ್ಗದ ಕಡೆಯಿಂದ ಕೊಪ್ಪಳಕ್ಕೆ ಬಂದ ಹೊಸತರಲ್ಲಿ ನನಗೆ ಎರಡು ಹೊತ್ತೂ ಜೋಳದ ರೊಟ್ಟಿ ಉಂಡು ರೂಢಿ ಇರಲಿಲ್ಲ. ಬಾಯಿ ಬಿಟ್ಟು ಕೇಳಲು ಸಂಕೋಚ. ನೀವು ಗಮನಿಸಿದಿರಿ. ಒಂದು ಮಧ್ಯಾಹ್ನ ಎಲ್ಲರ ಮುಂದೆ, "ನನಗ ಯಾಕೋ ಇವತ್ತ ಅನ್ನ ಉಣಬೇಕು ಅನಿಸೇತಿ" ಅಂದು ಜಾಸ್ತಿ ಅನ್ನಕ್ಕೆ ಇಟ್ಟಿರಿ. ಆಮೇಲೆ ದಿನಾ ಹಾಗೇ ಮಾಡಿದಿರಿ. ಹೊಸ ಸೊಸೆ ರೊಟ್ಟಿ ಉಣ್ಣೋದಿಲ್ಲ ಅಂತ ಯಾರೂ ಆಡಿಕೊಳ್ಳದ ಹಾಗೆ ನೋಡಿಕೊಂಡಿರಿ. ನಿಮಗೆ ಅನ್ನ ಅಷ್ಟು ಸೇರುವುದಿಲ್ಲ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ, ಅದೂ ಮಾವ ಹೇಳಿದಾಗ. ಗವಿಮಠದ ಜಾತ್ರೆಯ ದಾಸೋಹಕ್ಕೆ ಕೊಡಲು ಓಣಿಯ ಹೆಂಗಸರ ಜೊತೆ ರೊಟ್ಟಿ ಬಡಿಯುವಾಗ ನನ್ನನ್ನೂ ಪಕ್ಕದಲ್ಲೇ ಕೂರಿಸಿಕೊಂಡಿರಿ. ನನ್ನ ರೊಟ್ಟಿ ಹರಿದರೂ ಬುಟ್ಟಿಗೆ ನೀವೇ ಹಾಕಿದಿರಿ.

ಇನ್ನೊಂದು ಮಾತು, ಅತ್ತೆ. ಬಳ್ಳಾರಿಯಲ್ಲಿ ಮನೆ ಕಟ್ಟಿಸುತ್ತಿರುವುದು ನಿಮ್ಮ ಮಗನ ಕೆಲಸ ಇಲ್ಲಿದೆ ಅಂತ ಮಾತ್ರ. ಬೇರೆ ಆಗಬೇಕು ಅಂತಲ್ಲ. ಊರಲ್ಲಿ ಯಾರು ಏನೇ ಅಂದರೂ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಾವನ ವರ್ಷದ ಕಾರ್ಯ ಮುಗಿದ ಮೇಲೆಯೇ ಗೃಹಪ್ರವೇಶ. ಶಾಸ್ತ್ರ ಹೇಗೆ ಅಂತ ದೊಡ್ಡವರು ನೀವೆಲ್ಲ ಕೂತು ಮಾತಾಡಿ. ನಾನು ಎದುರು ಮಾತಾಡುವುದಿಲ್ಲ. ಕೇಳಿಕೊಳ್ಳುವುದು ಒಂದೇ. ಅವತ್ತು ನೀವು ಹಿಂದಿನ ಕೋಣೆಯಲ್ಲಿ ಕೂರಬಾರದು. ಹಾಲು ಉಕ್ಕಿಸುವಾಗ ಅಕ್ಕ ಮತ್ತು ನಾನು ಒಲೆಯ ಮುಂದೆ ಇರುತ್ತೇವೆ, ನಮ್ಮಿಬ್ಬರ ನಡುವೆ ನೀವು ನಿಂತಿರಬೇಕು. ನಿಮ್ಮ ಮಗನಿಗೂ ಇದೇ ಆಸೆ.

ಭಾನುವಾರ ಬೆಳಗಿನ ರೈಲಿಗೆ ನಾವಿಬ್ಬರೂ ಬರುತ್ತೇವೆ. ಹಬ್ಬದ ಅಡುಗೆ ಏನೂ ಬೇಡ. ನಿಮಗೆ ಮನಸ್ಸಿದ್ದರೆ ಗವಿಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕಾರ ಮಾಡಿ ಬರೋಣ. ಇಲ್ಲವಾದರೆ ಮನೆಯಲ್ಲೇ ಕೂತು ಮಾತಾಡೋಣ. ಮಧ್ಯಾಹ್ನದ ರೊಟ್ಟಿ ನಾನು ಬಡಿಯುತ್ತೇನೆ.

ನಿಮ್ಮ ಆಶೀರ್ವಾದ ಬೇಡುವ,
ಸಣ್ಣ ಸೊಸೆ