ಒಂದೇ ವರ್ಷ ಎರಡು ಆಫೀಸು: ಆದಾಯ ತೆರಿಗೆ ರಿಟರ್ನ್ ಬಗ್ಗೆ ಕೇಳಬೇಕಿತ್ತು

ಕಾರವಾರ, 22 ಜುಲೈ 2024

ಸರ್, ನಮಸ್ಕಾರ.

ಶಿರಸಿಯ ನಮ್ಮ ಭಾವ ನಿಮ್ಮ ನಂಬರ್ ಕೊಟ್ಟರು. ಖುದ್ದಾಗಿ ಬಂದು ಕಾಗದ ತೋರಿಸೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ 16ನೇ ತಾರೀಕು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಬರೋದಾದರೆ ಯಲ್ಲಾಪುರದ ಮೇಲೆ ಸುತ್ತಿ ಬರಬೇಕು. ಈ ಮಳೆಯಲ್ಲಿ ಘಟ್ಟ ಹತ್ತಬೇಡ ಅಂತ ಅಮ್ಮ ದಿನಕ್ಕೆರಡು ಸಲ ಫೋನ್ ಮಾಡ್ತಾರೆ. ಹಾಗಾಗಿ ಬರೆದೇ ಕೇಳುತ್ತಿದ್ದೇನೆ.

ನಾನು ಕಳೆದ ನವೆಂಬರ್‌ವರೆಗೆ ಶಿರಸಿಯಲ್ಲಿ ಕೆಲಸದಲ್ಲಿದ್ದೆ. ಡಿಸೆಂಬರ್‌ನಿಂದ ಕಾರವಾರದಲ್ಲಿ ಬೇರೆ ಕಂಪನಿ. ಎರಡೂ ಕಡೆ ಸಂಬಳದಲ್ಲೇ ಟಿಡಿಎಸ್ ಹಿಡಿದಿದ್ದಾರೆ. ಇನ್ನೇನಿದೆ ಕೊಡೋಕೆ ಅಂತ ನಿಶ್ಚಿಂತೆಯಿಂದ ಇದ್ದೆ. ನಿನ್ನೆ ರಾತ್ರಿ ಪೋರ್ಟಲ್ ತೆರೆದೆ. ಓಟಿಪಿಗೆ ಅರ್ಧ ಗಂಟೆ. ಕಾಜುಬಾಗದ ನನ್ನ ರೂಮಿನಲ್ಲಿ ಕಿಟಕಿಯ ಸರಳಿಗೆ ಮೊಬೈಲ್ ಒತ್ತಿ ಹಿಡಿದರೆ ಮಾತ್ರ ಸಿಗ್ನಲ್ಲು. ಅಂತೂ ಒಳಗೆ ಹೋದೆ. ಎರಡೂ ಸಂಬಳ ಮೊದಲೇ ತುಂಬಿತ್ತು. ಮುಂದೆ ಒತ್ತಿದೆ, ಕೊನೆಗೆ ಇನ್ನೂ ಇಷ್ಟು ತೆರಿಗೆ ಕಟ್ಟಿ ಅಂತ ಬಂತು! ಸಣ್ಣ ಮೊತ್ತ ಅಲ್ಲ ಸರ್.

ಪಕ್ಕದ ಟೇಬಲ್ಲಿನವರನ್ನು ಕೇಳಿದೆ. "ಸೇರುವಾಗ ಹಳೇ ಸಂಬಳದ ವಿವರ ಇಲ್ಲಿ ಕೊಟ್ಟಿದ್ದೆಯಾ? 12ಬಿ ಅಂತ ಒಂದು ಫಾರ್ಮ್ ಇರುತ್ತದೆ" ಅಂದರು. ನಾನು ಕೊಟ್ಟಿರಲಿಲ್ಲ. ಕೇಳಿದ್ದು ನೆನಪಿದೆ, ಆಮೇಲೆ ಕೊಟ್ಟರಾಯಿತು ಅಂತ ಬಿಟ್ಟೆ. ಇಬ್ಬರೂ ತಮ್ಮ ಸಂಬಳವೊಂದೇ ಅಂತ ಲೆಕ್ಕ ಹಾಕಿ, ವಿನಾಯಿತಿಯನ್ನು ಎರಡು ಸಲ ಕೊಟ್ಟಿದ್ದಾರಂತೆ. ಹಾಗೇ ಇರಬಹುದಾ? ಅಥವಾ ನಾನೇ ಏನಾದರೂ ತಪ್ಪು ಒತ್ತಿದೆನಾ?

ಇನ್ನೊಂದು ಗೊಂದಲ. ಶಿರಸಿಯವರಿಗೆ ಹಳೇ ಪದ್ಧತಿ ಬೇಕು ಅಂತ ಬರೆದುಕೊಟ್ಟಿದ್ದೆ. ಇಲ್ಲಿ ನಾನೇನೂ ಹೇಳಲಿಲ್ಲ, ಅವರು ಹೊಸದರಲ್ಲೇ ಹಿಡಿದರು. ರಿಟರ್ನ್‌ನಲ್ಲಿ ಈಗ ಯಾವುದನ್ನು ಆರಿಸಲಿ? ಹಳೇದು ಬೇಕಂದರೆ 31ರೊಳಗೇ ಸಲ್ಲಿಸಬೇಕು, ತಪ್ಪಿದರೆ ಹೊಸದೇ ಗತಿ ಅಂತಾರೆ. ನನಗೆ ಯಾವುದು ಲಾಭ ಅಂತ ನೀವೇ ಹೇಳಿಬಿಡಿ.

ಬಾಕಿಯನ್ನು ಮೊದಲು ಕಟ್ಟಿ ಆಮೇಲೆ ಸಲ್ಲಿಸಬೇಕಾ? ಬಡ್ಡಿ ಬೀಳುತ್ತದಾ? ತಡವಾದರೆ ದಂಡ ಒಬ್ಬರು 1,000 ಅಂತಾರೆ, ಇನ್ನೊಬ್ಬರು 5,000. ನನಗೆ ಯಾವುದು?

ಹಾಂ, ಮರೆತೆ. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಸ್ವಲ್ಪ ನನ್ನ ಖಾತೆಗೂ ಹಾಕಿದ್ದಾರೆ. ತೋಟ ಅವರ ಹೆಸರಲ್ಲೇ ಇದೆ. ಅದನ್ನೂ ತೋರಿಸಬೇಕಾ, ಸುಮ್ನೆ ಬಿಡಬಹುದಾ?

ಹಳೇ ಆಫೀಸಿನ ಫಾರ್ಮ್ 16 ಶಿರಸಿ ಮನೆಯ ಕಪಾಟಿನಲ್ಲಿದೆ. ತಂಗಿಗೆ ಫೋಟೋ ಕಳಿಸು ಅಂದರೆ ಎಲ್ಲಾ ಮಸುಕಾಗಿ ಬಂದಿದೆ. ಬೇಕೇ ಬೇಕು ಅಂದರೆ ಭಾವನ ಕೈಲಿ ನಿಮ್ಮ ಆಫೀಸಿಗೇ ಕಳಿಸುತ್ತೇನೆ. ಸಂಜೆ 6ರ ಮೇಲೆ ಯಾವಾಗ ಬೇಕಾದರೂ ಫೋನ್ ಮಾಡಿ, ಕಿಟಕಿ ಹತ್ತಿರವೇ ಇರುತ್ತೇನೆ.