ನಿನ್ನ ‘ಕ್ ನೈಫ್’ ತಪ್ಪಲ್ಲ ಭಾಗ್ಯಾ, 600 ವರ್ಷ ತಡ ಆಗಿದೆ ಅಷ್ಟೇ

ಜಮಖಂಡಿ
ರವಿವಾರ ಸಂಜೆ

ಪ್ರೀತಿಯ ಭಾಗ್ಯಾ,

ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ನೀನು ಎದ್ದು ನಿಂತು ಕೇಳಿದೆಯಲ್ಲ, “ಸರ್, ಕನ್ನಡದಾಗ ಹೆಂಗ ಅಂತೀವೋ ಹಂಗ ಬರೀತೀವಿ, ಈ ಇಂಗ್ಲಿಷ್‌ನವರಿಗೆ ಏನಾಗಿತ್ರಿ?” ಅಂತ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ, ಅಷ್ಟರಲ್ಲಿ ಗಂಟೆ ಹೊಡೆಯಿತು. ನೀನು ಮಾತ್ರ ನಗಲಿಲ್ಲ. ಡಿಕ್ಟೇಶನ್‌ನಲ್ಲಿ 20ಕ್ಕೆ 11 ಬಂದವರಿಗೆ ನಗು ಬರೋದೂ ಇಲ್ಲ ಬಿಡು. ಪ್ರಶ್ನೆ ಒಳ್ಳೆಯದಿತ್ತು, ಐದು ನಿಮಿಷದಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಪ್ರತಿ ಇಂಗ್ಲಿಷ್ ಪದದ ಕೆಳಗೆ ಪೆನ್ಸಿಲ್‌ನಿಂದ ಕನ್ನಡದಲ್ಲಿ ಅದರ ಉಚ್ಚಾರ ಬರೆದುಕೊಂಡಿದ್ದೀಯ. ನಾನೂ ನಿನ್ನ ವಯಸ್ಸಿನಲ್ಲಿ ಹೀಗೇ ಬರೆಯುತ್ತಿದ್ದೆ. ಕೆ-ಎನ್-ಐ-ಎಫ್-ಇ ಕೆಳಗೆ ಮೊದಲು ‘ಕ್ ನೈಫ್’ ಅಂತ ಬರೆದು, ಆಮೇಲೆ ಆ ‘ಕ್’ ಅನ್ನು ರಬ್ಬರ್‌ನಿಂದ ಉಜ್ಜಿ ಉಜ್ಜಿ ಅಲ್ಲಿ ಹಾಳೆಯೇ ತೂತಾಗಿದೆ. ಸಿಟ್ಟು ಬಂದಿತ್ತು ಅನಿಸುತ್ತದೆ.

ಆದರೆ ನೀನು ಮೊದಲು ಬರೆದದ್ದೇ ಹಳೇ ಸತ್ಯ. ಸುಮಾರು 600 ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ಜನ ಆ ಕೆ ಅನ್ನು ಬಾಯಿ ಬಿಟ್ಟು ಹೇಳುತ್ತಿದ್ದರು, ಹೆಚ್ಚು ಕಡಿಮೆ ‘ಕ್ನೀಫ್’ ಅಂತ. ಮೊಣಕಾಲಿಗೆ ‘ನೀ’ ಅಂತೀವಲ್ಲ, ಅದರಲ್ಲೂ ಕೆ ಕೇಳಿಸುತ್ತಿತ್ತು. ಇಂಗ್ಲಿಷ್‌ನ ಅಕ್ಕತಂಗಿಯಂಥ ಭಾಷೆ ಜರ್ಮನ್, ಅವರು ಇವತ್ತಿಗೂ ಮೊಣಕಾಲಿಗೆ ‘ಕ್ನೀ’ ಅಂತಲೇ ಅನ್ನುತ್ತಾರೆ. ನೈಟ್ ಪದದ ನಡುವೆ ಸುಮ್ನೆ ಕೂತಿರುವ ಜಿ-ಎಚ್ ಇದೆಯಲ್ಲ, ಅದೂ ಒಂದು ಕಾಲಕ್ಕೆ ಗಂಟಲು ಕೆರೆದು ಹೇಳುವ ಸದ್ದು, ನಮ್ಮ ಹ ಮತ್ತು ಖ ನಡುವಿನದು. ಆಮೇಲೆ ಜನಕ್ಕೆ ಅದು ಬೇಸರವಾಯಿತೋ ಏನೋ, ನೈಟ್, ಲೈಟ್‌ಗಳಲ್ಲಿ ಬಿಟ್ಟೇಬಿಟ್ಟರು, ಲಾಫ್, ಕಾಫ್‌ಗಳಲ್ಲಿ ಅದನ್ನೇ ‘ಫ್’ ಮಾಡಿಕೊಂಡರು. ಬಾಯಿ ಬದಲಾಯಿತು, ಬರಹ ಅಲ್ಲೇ ಉಳಿಯಿತು.

ಯಾಕೆ ಉಳಿಯಿತು ಅನ್ನೋದೇ ನಿಜವಾದ ಕಥೆ. ಮೊದಲು ಅವರಿಗೂ ಗಟ್ಟಿಯಾದ ಸ್ಪೆಲ್ಲಿಂಗ್ ಅನ್ನೋದೇ ಇರಲಿಲ್ಲ. ಕೈಯಿಂದ ಬರೆಯುವವರು ತಮ್ಮ ಊರಿನಲ್ಲಿ ಹೇಗೆ ಆಡುತ್ತಾರೋ ಹಾಗೆ ಬರೆಯುತ್ತಿದ್ದರು, ಒಂದೇ ಪುಟದಲ್ಲಿ ಒಂದೇ ಪದವನ್ನು ಎರಡು ಥರ ಬರೆದರೂ ಯಾರೂ ಅರ್ಧ ಮಾರ್ಕ್ಸ್ ಕಟ್ ಮಾಡುತ್ತಿರಲಿಲ್ಲ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬಾತ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದ. ಅಚ್ಚಿನ ಪುಸ್ತಕ ನೂರಾರು ಕಡೆ ಹೋಗುತ್ತದೆ, ಎಲ್ಲರೂ ಅದನ್ನೇ ನೋಡಿ ಬರೆಯಲು ಶುರು ಮಾಡುತ್ತಾರೆ. ಹೀಗೆ ಮುಂದಿನ ಇನ್ನೂರು ವರ್ಷದಲ್ಲಿ ಸ್ಪೆಲ್ಲಿಂಗ್ ನಿಧಾನವಾಗಿ ಹೆಪ್ಪುಗಟ್ಟುತ್ತಾ ಬಂತು. ಸರಿಯಾಗಿ ಅದೇ ಹೊತ್ತಿಗೆ ಜನರ ಬಾಯಿ ಓಡುತ್ತಿತ್ತು.

ಅದರಲ್ಲೂ ಸ್ವರಗಳು. ಇದನ್ನು ಸ್ವಲ್ಪ ನಿಧಾನವಾಗಿ ಓದು, ನನಗೆ ಬಹಳ ಇಷ್ಟವಾದ ಜಾಗ ಇದು. ನಿನಗೆ ಕನ್ನಡದ ಹ್ರಸ್ವ ದೀರ್ಘ ಗೊತ್ತು ಅಲ್ವಾ? ಮೂನ್ ಪದದಲ್ಲಿ ಎರಡು ಓ ಇವೆ, ಓದುವಾಗ ಮಾತ್ರ ಊ. ಇದೇನು ಹುಚ್ಚು ಅನಿಸುತ್ತದೆ. ಆದರೆ ಆ ಪದವನ್ನು ಮೊದಲು ‘ಮೋನ್’ ಅಂತಲೇ ಹೇಳುತ್ತಿದ್ದರು! ಎರಡು ಓ ಬರೆದರೆ ದೀರ್ಘ ಓ, ಅಷ್ಟೇ ಲೆಕ್ಕ. ಎರಡು ಇ ಬರೆದರೆ ದೀರ್ಘ ಏ, ಅಂದರೆ ಫೀಟ್ ಅನ್ನೋದು ‘ಫೇಟ್’ ಆಗಿತ್ತು. ಟೈಮ್ ಆಗ ‘ಟೀಮ’, ಹೌಸ್ ಆಗ ‘ಹೂಸ್’. ನೇಮ್ ಇದೆಯಲ್ಲ, ಎನ್-ಎ-ಎಮ್-ಇ, ಅದನ್ನು ಎಲ್ಲ ಅಕ್ಷರ ಬಿಡದೆ ‘ನಾಮ’ ಅಂತ ಓದುತ್ತಿದ್ದರು. ನಾವು ಸಂಸ್ಕೃತದಿಂದ ತಂದುಕೊಂಡ ‘ನಾಮ’ಕ್ಕೂ ಅದಕ್ಕೂ ದೂರದ ನೆಂಟಸ್ತನ ಬೇರೆ ಇದೆ, ಸುಮ್ನೆ ಹೇಳುತ್ತಿಲ್ಲ.

ಸುಮಾರು 1400ರಿಂದ 1700ರ ನಡುವೆ ಈ ದೀರ್ಘ ಸ್ವರಗಳೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿದವು. ಓ ಹೋಗಿ ಊ ಆಯಿತು, ಏ ಹೋಗಿ ಈ ಆಯಿತು. ಆ ಇದ್ದದ್ದು ಏ ಆಯಿತು. ಮೊದಲೇ ತುದಿಯಲ್ಲಿದ್ದ ಈ, ಊ ಎಲ್ಲಿಗೆ ಹೋಗಬೇಕು? ಅವು ಐ, ಔ ಆದವು. ಅಚ್ಚಿನ ಪುಸ್ತಕದಲ್ಲಿ ಮಾತ್ರ ಹಳೇ ಅಕ್ಷರವೇ. ಈಗ ನೀನು ಕೇಳುತ್ತೀಯ, ಹಾಗಾದರೆ ಫುಡ್, ಗುಡ್, ಬ್ಲಡ್ ಮೂರರಲ್ಲೂ ಎರಡು ಓ ಇದ್ದು ಮೂರು ಥರ ಯಾಕೆ? ಮೂರೂ ಒಂದೇ ಸದ್ದಿನಿಂದ ಹೊರಟವು. ಎರಡು ಪದಗಳಲ್ಲಿ ಆ ದೀರ್ಘ ನಡುವೆ ಹ್ರಸ್ವವಾಯಿತು. ಬ್ಲಡ್‌ನಲ್ಲಿ ಬೇಗ ಆಯಿತು, ಗುಡ್‌ನಲ್ಲಿ ತಡವಾಗಿ ಆಯಿತು, ಫುಡ್‌ನಲ್ಲಿ ಆಗಲೇ ಇಲ್ಲ. ಅದಕ್ಕೇ ಅದನ್ನು ‘ಫೂಡ್’ ಅಂತ ಎಳೆದು ಹೇಳಬೇಕು, ನೀವೆಲ್ಲ ಗಿಡ್ಡ ಮಾಡುತ್ತೀರಿ.

ಇಷ್ಟೇ ಆಗಿದ್ದರೆ ಪಾಪ ಅನ್ನಬಹುದಿತ್ತು. ಇನ್ನು ಕೆಲವು ಅಕ್ಷರಗಳನ್ನು ಬೇಕಂತಲೇ ತುರುಕಿದ್ದಾರೆ. ನೀನು ಡಿಕ್ಟೇಶನ್‌ನಲ್ಲಿ ‘ಡೌಟ್’ಗೆ ಡಿ-ಓ-ಯು-ಟಿ ಅಂತ ಬರೆದೆ, ನಾನು ಕೆಂಪು ಗೆರೆ ಎಳೆದೆ. ಆದರೆ ಆ ಪದ ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಆಮೇಲೆ ಲ್ಯಾಟಿನ್ ಓದಿದ ಪಂಡಿತರು ‘ಮೂಲ ಪದ ದುಬಿತಾರೆ, ಅದರಲ್ಲಿ ಬಿ ಇದೆ, ನಮ್ಮಲ್ಲೂ ಇರಲಿ’ ಅಂತ ಸೇರಿಸಿದರು. ಸಾಲಕ್ಕೆ ‘ಡೆಟ್’ ಅಂತೀವಲ್ಲ, ಅದರ ಬಿ ಕೂಡ ಹೀಗೇ ಬಂದದ್ದು. ಬ್ಯಾಂಕಿನ ರಿಸೀಟ್‌ನ ಪಿ ಕೂಡ. ಐಲ್ಯಾಂಡ್‌ನ ಎಸ್ ಅಂತೂ ಶುದ್ಧ ತಪ್ಪು: ಅದು ಅಪ್ಪಟ ಹಳೇ ಇಂಗ್ಲಿಷ್ ಪದ, ಲ್ಯಾಟಿನ್‌ಗೆ ಸಂಬಂಧವೇ ಇಲ್ಲ, ಆದರೂ ಲ್ಯಾಟಿನ್‌ನಿಂದ ಬಂದ ‘ಐಲ್’ ಪದದ ಜೊತೆ ಕಲಸಿ ಎಸ್ ಹಾಕಿದರು. ನಮ್ಮಲ್ಲಿ ಮದುವೆ ಬ್ಯಾನರ್ ಮೇಲೆ ‘ಹಾರ್ಧಿಕ ಸ್ವಾಗತ’ ಅಂತ ಬರೆಸುತ್ತಾರಲ್ಲ, ದ ಸಾಕಿದ್ದ ಕಡೆ ಧ ಹಾಕಿದರೆ ತೂಕ ಜಾಸ್ತಿ ಅಂತ, ಅದೇ ರೋಗ. ನಮ್ಮದು ಬ್ಯಾನರ್‌ನಲ್ಲಿ ಮುಗಿಯುತ್ತದೆ, ಅವರದು ಡಿಕ್ಷನರಿ ಸೇರಿತು.

ಫ್ರೆಂಚರ ಪಾಲೂ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ರೂಢಿಯ ಬರವಣಿಗೆ ಹಬ್ಬಿತು, ಕ್ವೀನ್ ಪದಕ್ಕೆ ಕ್ಯೂ-ಯು ಬಂದದ್ದು ಹಾಗೆ. ಕಮ್, ಲವ್ ಪದಗಳಲ್ಲಿ ಯು ಇರಬೇಕಾದ ಕಡೆ ಓ ಇದೆ. ಆಗಿನ ಕೈಬರಹದಲ್ಲಿ ಯು, ಎನ್, ಎಮ್ ಎಲ್ಲ ಬರೀ ನಿಂತ ಗೀಟುಗಳು, ಸಾಲಾಗಿ ಬಂದರೆ ಓದಲು ಆಗುತ್ತಿರಲಿಲ್ಲ, ಅದಕ್ಕೇ ನಡುವೆ ಓ ಬರೆದುಬಿಟ್ಟರು. ಮೂಲದಲ್ಲಿ ಅಕ್ಷರಗಳೂ ಕಡಿಮೆ ನೋಡು. ಇರೋದು 26, ಭಾಷೆಯ ಸದ್ದುಗಳು ಸುಮಾರು 44. ಹಾಗಾಗಿ ಒಂದೇ ಅಕ್ಷರ ಎರಡು ಮೂರು ಮನೆ ಕೆಲಸ ಮಾಡಬೇಕು.

ಈಗ ನಿನ್ನ ಕನ್ನಡದ ಮಾತಿಗೆ ಬರೋಣ. ಕನ್ನಡದ ಬಾಯಿಯೂ ಸುಮ್ಮನೆ ಕೂತಿಲ್ಲ ತಂಗಿ. ಬಾದಾಮಿಯಲ್ಲಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 1300 ವರ್ಷ ಹಳೆಯದು. ಅದರಲ್ಲಿ ‘ಪೆಱನಲ್ಲ’ ಅಂತ ಬರುತ್ತದೆ, ಬೇರೆಯವನಲ್ಲ ಅಂತ ಅರ್ಥ. ಆ ಪೆಱ ಮುಂದೆ ಹೆರ ಆಯಿತು. ಪಾಲು ಹಾಲಾಯಿತು, ಪೂ ಹೂವಾಯಿತು. ಬಾಯಲ್ಲಿ ಪ ಹೋಗಿ ಹ ಬಂದಾಗ ನಾವು ಬರಹದಲ್ಲೂ ಹ ಬರೆದೆವು. ಆ ಱ ಅಕ್ಷರ ನಿನ್ನ ವರ್ಣಮಾಲೆಯ ಚಾರ್ಟ್‌ನಲ್ಲಿ ಇಲ್ಲ, ಸದ್ದು ಹೋದ ಮೇಲೆ ಅಕ್ಷರವನ್ನೂ ಬಿಟ್ಟೆವು. ನಾವು ಇಂಗ್ಲಿಷರಾಗಿದ್ದರೆ ಇವತ್ತಿಗೂ ‘ಪಾಲು’ ಅಂತ ಬರೆದು ‘ಹಾಲು’ ಅಂತ ಓದುತ್ತಿದ್ದೆವು. ಹಾಗಂತ ನಾವೂ ಪೂರ್ತಿ ಸಾಚಾ ಅಲ್ಲ. ಪುಸ್ತಕದಲ್ಲಿ ‘ಮಾಡುತ್ತಾರೆ’ ಅಂತ ಬರೆಯುತ್ತೀಯ, ಮನೆಯಲ್ಲಿ ಅವ್ವನ ಹತ್ತಿರ ‘ಮಾಡ್ತಾರ’ ಅಂತೀಯ.

ತಿದ್ದಬಾರದಿತ್ತೇ? ನಮ್ಮ ಬೆಳಗಾವಿಯನ್ನೇ ನೋಡು. ನನ್ನ ಹಳೇ ಸರ್ಟಿಫಿಕೇಟ್‌ಗಳಲ್ಲೆಲ್ಲ ಅದು ಬಿ-ಇ-ಎಲ್-ಜಿ-ಎ-ಯು-ಎಮ್. 2014ರ ನವೆಂಬರ್ 1ಕ್ಕೆ ಸರ್ಕಾರ ಆದೇಶ ಮಾಡಿತು, ಬೋರ್ಡ್ ಬದಲಾದವು, ಬಿಜಾಪುರವೂ ಅವತ್ತೇ ವಿಜಯಪುರ ಆಯಿತು. ಊರಿಗೆ ಆದೇಶ ನಡೆಯುತ್ತದೆ, ಇಡೀ ಭಾಷೆಗೆ ನಡೆಯೋದು ಕಷ್ಟ. ಅಮೆರಿಕದ ನೋಹ ವೆಬ್‌ಸ್ಟರ್ ತನ್ನ ಡಿಕ್ಷನರಿಯಲ್ಲಿ ಕಲರ್‌ನ ಯು ತೆಗೆದ, ಅಲ್ಲಿ ಅದು ನಿಂತಿತು. ನಾಲಿಗೆಗೆ ಟಿ-ಯು-ಎನ್-ಜಿ ಅಂತ ಬರೆಯಿರಿ ಅಂದ, ಯಾರೂ ಕೇಳಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲ್ಲಿಂಗ್ ಬಳಸಿ ಅಂತ ಸರ್ಕಾರಿ ಅಚ್ಚುಕೂಟಕ್ಕೆ ಹುಕುಂ ಮಾಡಿದ. ಪೇಪರ್‌ನವರು ಗೇಲಿ ಮಾಡಿದರು, ಸಂಸತ್ತು ಒಪ್ಪಲಿಲ್ಲ, ಕೊನೆಗೆ ಆತನೇ ವಾಪಸ್ ತಗೊಂಡ. ತಿದ್ದೋದಾದರೂ ಯಾರ ಉಚ್ಚಾರಕ್ಕೆ ತಕ್ಕಂತೆ? ಲಂಡನ್ನಿನವರದ್ದೋ, ಅಮೆರಿಕದವರದ್ದೋ, ಜಮಖಂಡಿಯ ನನ್ನದೋ?

ನನಗೆ ಕೇಳಿದರೆ ಕೆಲವು ಸುಮ್ಮನಿರುವ ಅಕ್ಷರ ಇರಲಿ ಅಂತೀನಿ. ಸೈನ್ ಪದದ ಜಿ ನಿನಗೆ ಬೇಡದ್ದು ಅನಿಸಬಹುದು, ಆದರೆ ಸಿಗ್ನೇಚರ್ ಅಂದ ಕೂಡಲೇ ಆ ಜಿ ಬಾಯಿ ಬಿಡುತ್ತದೆ. ಬಾಂಬ್‌ನ ಕೊನೆಯ ಬಿ ಬಂಬಾರ್ಡ್‌ನಲ್ಲಿ ಕೇಳಿಸುತ್ತದೆ. ಹೀಗೆ ಒಂದು ಪದ ಕಾಡಿದರೆ ಅದರ ಮನೆಯವರು ಯಾರು ಅಂತ ಹುಡುಕು, ಕಂಠಪಾಠಕ್ಕಿಂತ ಬೇಗ ನೆನಪಿರುತ್ತದೆ. ಐಲ್ಯಾಂಡ್ ಥರದವಕ್ಕೆ ಮಾತ್ರ ಬೈಯುತ್ತಲೇ ಕಂಠಪಾಠ ಮಾಡು, ಬೇರೆ ದಾರಿ ಇಲ್ಲ.

ಉಚ್ಚಾರ ಕನ್ನಡದಲ್ಲಿ ಬರೆದುಕೊಳ್ಳೋದನ್ನು ನಿಲ್ಲಿಸಬೇಡ. ಯಾರಾದರೂ ನಕ್ಕರೆ ನನ್ನ ಹೆಸರು ಹೇಳು. ಬಾಯಿ ಬಿಡದ ಅಕ್ಷರಕ್ಕೆ ಮಾತ್ರ ರಬ್ಬರ್ ಹಾಕಬೇಡ, ಸುತ್ತ ಒಂದು ಸೊನ್ನೆ ಸುತ್ತು.

ಡೌಟ್‌ಗೆ ಕಟ್ ಮಾಡಿದ ಅರ್ಧ ಮಾರ್ಕ್ಸ್ ವಾಪಸ್ ಕೊಡೋದಿಲ್ಲ, ಅದನ್ನು ಆ ಲ್ಯಾಟಿನ್ ಪಂಡಿತರ ಹತ್ತಿರ ಕೇಳು. ಮುಂದಿನ ಡಿಕ್ಟೇಶನ್ ಬುಧವಾರ. ಆ ವಾರದ ಇಂಗ್ಲಿಷ್ ಹೆಸರಿನ ನಡುವೆ ಇರುವ ಡಿ ಅವರ ಹಳೇ ದೇವರು ವೋಡನ್‌ನದು, ಅದನ್ನು ಬಿಟ್ಟು ಬರೆದರೆ ಮತ್ತೆ ಅರ್ಧ ಹೋಗುತ್ತದೆ.

ನೋಟ್‌ಬುಕ್ ನಾಳೆ ಕೊಡುತ್ತೇನೆ, ತೂತು ಬಿದ್ದ ಜಾಗಕ್ಕೆ ಒಂದು ಚೀಟಿ ಅಂಟಿಸಿದ್ದೇನೆ. ಅದರ ಮೇಲೆ ‘ಕ್’ ನೀನೇ ಬರೆದುಕೋ.

ನಿನ್ನ
ಇಂಗ್ಲಿಷ್ ಸರ್