ಝೀರೋ ಬಲ್ಬ್ ಮತ್ತು ಮೈನಸ್ ಪವರ್: ಓದಿ, ಆಮೇಲೆ ಉತ್ತರ ಬರೆಯಿರಿ

ಫಸ್ಟ್ ಪಿಯುಸಿಯವರಿಗೆ, ಶನಿವಾರದ ಓದಿನ ತರಗತಿಗೆ. ಒಟ್ಟು 20 ಅಂಕ, 40 ನಿಮಿಷ.

ಕೆಳಗಿನದು ಪೇಪರಿನ ವಿಜ್ಞಾನ ಪುಟದಲ್ಲಿ ಬರುವಂಥ ಸುದ್ದಿ. ಅದರಲ್ಲಿರುವ ಅಧ್ಯಯನಗಳೂ ಅಂಕಿಗಳೂ ನಿಜವಾದವು, ಬರವಣಿಗೆ ಮಾತ್ರ ನನ್ನದು, ಮತ್ತು ಕೆಲವು ಕಡೆ ಬೇಕಂತಲೇ ಜಾಸ್ತಿ ಹೇಳಿಸಿದ್ದೇನೆ. ಎಲ್ಲಿ ಅಂತ ಹಿಡಿಯೋದು ನಿಮ್ಮ ಕೆಲಸ. ಮನೆಯಲ್ಲಿ ಕೇಳಿದ್ದು, ಯೂಟ್ಯೂಬಲ್ಲಿ ನೋಡಿದ್ದು ಸದ್ಯಕ್ಕೆ ಬೇಡ. ಈ ಸುದ್ದಿಯಲ್ಲಿ ಇರೋದರಿಂದ ಏನು ಹೇಳಬಹುದು, ಅಷ್ಟನ್ನೇ ಹೇಳಿ.

ಸುದ್ದಿ: ಝೀರೋ ಬಲ್ಬ್ ಮಗುವಿನ ಕಣ್ಣು ಕೆಡಿಸುತ್ತದೆ!

[1] ಮಗು ಮಲಗುವ ಕೋಣೆಯಲ್ಲಿ ರಾತ್ರಿ ದೀಪ ಉರಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಈ ದೀಪಕ್ಕೂ ಸಮೀಪದೃಷ್ಟಿಗೂ, ಅಂದರೆ ದೂರದ್ದು ಮಸುಕಾಗಿ ಕಂಡು ಮೈನಸ್ ಪವರ್ ಕನ್ನಡಕ ಬರುವುದಕ್ಕೂ, ಸಂಬಂಧವಿದೆಯೇ ಎಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದರು. 1999ರ ಮೇ ತಿಂಗಳಲ್ಲಿ ಅವರ ವರದಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

[2] ಮಕ್ಕಳ ಕಣ್ಣಿನ ಕ್ಲಿನಿಕ್ಕಿಗೆ ತೋರಿಸಲು ಬಂದಿದ್ದ, 2ರಿಂದ 16 ವರ್ಷದೊಳಗಿನ 479 ಮಕ್ಕಳನ್ನು ಅವರು ತೆಗೆದುಕೊಂಡರು. ಮಗುವಿಗೆ ಎರಡು ವರ್ಷ ತುಂಬುವ ಮೊದಲು ರಾತ್ರಿ ಕೋಣೆಯಲ್ಲಿ ಬೆಳಕು ಹೇಗಿರುತ್ತಿತ್ತು ಎಂದು ಪೋಷಕರನ್ನು ಕೇಳಿದರು. ಕತ್ತಲಲ್ಲಿ ಮಲಗುತ್ತಿದ್ದ ಮಕ್ಕಳಲ್ಲಿ 10% ಮಂದಿಗೆ ಸಮೀಪದೃಷ್ಟಿ ಇತ್ತು. ಸಣ್ಣ ರಾತ್ರಿದೀಪ ಇದ್ದವರಲ್ಲಿ 34%, ಕೋಣೆಯ ದೊಡ್ಡ ದೀಪವೇ ಉರಿಯುತ್ತಿದ್ದವರಲ್ಲಿ 55%.

[3] ಹೀಗೆ ರಾತ್ರಿಯ ಬೆಳಕು ಹೆಚ್ಚಾದಷ್ಟೂ ಕಣ್ಣಿಗೆ ಆಗುವ ಹಾನಿ ಹೆಚ್ಚುತ್ತದೆ. ಕತ್ತಲೆ ಮತ್ತು ಬೆಳಕಿನ ಅವಧಿ ಬದಲಾಯಿಸಿದರೆ ಕಣ್ಣುಗುಡ್ಡೆಯ ಬೆಳವಣಿಗೆಯೂ ಬದಲಾಗುವುದು ಕೋಳಿಮರಿಗಳ ಪ್ರಯೋಗಗಳಲ್ಲಿ ಮೊದಲೇ ಕಂಡಿತ್ತು. ಆದರೆ ತಮ್ಮ ಅಧ್ಯಯನ ಕಾರಣ-ಪರಿಣಾಮವನ್ನು ಸಾಬೀತು ಮಾಡುವುದಿಲ್ಲ ಎಂದು ಸಂಶೋಧಕರು ವರದಿಯಲ್ಲೇ ಬರೆದಿದ್ದರು.

[4] 2000ದಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ಎರಡು ತಂಡಗಳ ಉತ್ತರ ಬಂತು. ಒಂದು ಓಹಿಯೋದ್ದು, ಇನ್ನೊಂದು ಬಾಸ್ಟನ್‌ನದ್ದು. ಇಬ್ಬರಿಗೂ ಆ ಸಂಬಂಧ ಕಾಣಲಿಲ್ಲ. ಓಹಿಯೋ ತಂಡ ನೋಡಿದ್ದು 1,220 ಮಕ್ಕಳನ್ನು: ಕತ್ತಲಲ್ಲಿ ಮಲಗುತ್ತಿದ್ದ 417 ಮಕ್ಕಳಲ್ಲಿ 20%, ರಾತ್ರಿದೀಪದ 758 ಮಕ್ಕಳಲ್ಲಿ 17%, ದೊಡ್ಡ ದೀಪದ 45 ಮಕ್ಕಳಲ್ಲಿ 22% ಮಂದಿಗೆ ಸಮೀಪದೃಷ್ಟಿ ಇತ್ತು. ಇನ್ನೊಂದು ವಿಷಯವೂ ಅವರ ಗಮನಕ್ಕೆ ಬಂತು. ಸ್ವತಃ ಸಮೀಪದೃಷ್ಟಿ ಇರುವ ಅಪ್ಪ-ಅಮ್ಮ ಮಗುವಿನ ಕೋಣೆಯಲ್ಲಿ ದೀಪ ಉರಿಸುವುದು ಹೆಚ್ಚು.

[5] ಮುಂದೆ ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗ ನಡೆಯಿತು. ಲಾಟರಿಯಂತೆ ಆರಿಸಿದ 6 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷದ ಒಂದು ಹೊರಾಂಗಣ ಪೀರಿಯಡ್ ಸೇರಿಸಿದರು, ಉಳಿದ 6 ಶಾಲೆಗಳು ಇದ್ದ ಹಾಗೇ ನಡೆದವು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಮೊದಲ ಗುಂಪಿನಲ್ಲಿ 30.4%, ಎರಡನೆಯದರಲ್ಲಿ 39.5%. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

[6] ಹೀಗಾಗಿ ಸಮೀಪದೃಷ್ಟಿಗೆ ನಿಜವಾದ ಕಾರಣ ಹೆತ್ತವರಿಂದ ಬರುವ ಜೀನ್ ಮತ್ತು ಬಿಸಿಲಿನ ಕೊರತೆ ಎಂಬುದು ಖಚಿತವಾಗಿದೆ. ದಿನಾ 40 ನಿಮಿಷ ಬಿಸಿಲಲ್ಲಿ ಆಡಿಸಿದರೆ ಕನ್ನಡಕದ ಚಿಂತೆಯೇ ಇಲ್ಲ.

ಪ್ರಶ್ನೆಗಳು

1. ಪ್ಯಾರಾ 2ರ 55% ಅಂದರೆ ಏನು? (2 ಅಂಕ)
ಅ) ದೊಡ್ಡ ದೀಪದ ಬೆಳಕಿನಿಂದ 55% ಮಕ್ಕಳಿಗೆ ಸಮೀಪದೃಷ್ಟಿ ಬಂತು.
ಆ) ಸಮೀಪದೃಷ್ಟಿ ಇರುವ ಮಕ್ಕಳಲ್ಲಿ 55% ಮಂದಿ ದೊಡ್ಡ ದೀಪದಲ್ಲಿ ಮಲಗಿದವರು.
ಇ) ಆ ಕ್ಲಿನಿಕ್ಕಿಗೆ ಬಂದ ಮಕ್ಕಳ ಪೈಕಿ ದೊಡ್ಡ ದೀಪದಲ್ಲಿ ಮಲಗಿದವರಲ್ಲಿ 55% ಮಂದಿಗೆ ಸಮೀಪದೃಷ್ಟಿ ಇತ್ತು.
ಈ) ಅಮೆರಿಕದಲ್ಲಿ ದೀಪ ಹಾಕಿ ಮಲಗಿಸಿದ ಮಕ್ಕಳಲ್ಲಿ 55% ಮಂದಿಗೆ ಸಮೀಪದೃಷ್ಟಿ ಇದೆ.

2. ಪ್ಯಾರಾ 3ರಲ್ಲಿ ಒಂದು ವಾಕ್ಯ ಅಂಕಿಗಳಿಗಿಂತ ಮುಂದೆ ಓಡಿದೆ. ಯಾವುದು? ಅಂಕಿಗಳು ಹೇಳಿದಷ್ಟನ್ನೇ ಹೇಳುವ ಹಾಗೆ ಅದನ್ನು ತಿದ್ದಿ ಬರೆಯಿರಿ. (3)

3. "ಫಿಲಡೆಲ್ಫಿಯಾದವರು ದೀಪವೇ ಕಾರಣ ಅಂತ ಸಾಧಿಸಿ ತೋರಿಸಿದರು, ಓಹಿಯೋದವರು ಅದನ್ನು ಸುಳ್ಳು ಮಾಡಿದರು." ಈ ಮಾತಿನ ಮೊದಲರ್ಧ ಸರಿಯೇ? ಸುದ್ದಿಯ ಯಾವ ವಾಕ್ಯ ನೋಡಿ ಹೇಳುತ್ತೀರಿ? (2)

4. ದೀಪ ಕಣ್ಣಿಗೆ ಏನೂ ಮಾಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಹಾಗಿದ್ದರೂ 10, 34, 55 ಅನ್ನುವ ಅಂಕಿಗಳು ಹೇಗೆ ಬಂದಿರಬಹುದು? ಸುದ್ದಿಯಲ್ಲಿರುವ ವಿಷಯ ಬಳಸಿ ಒಂದು ದಾರಿ ತೋರಿಸಿ. (3)

5. "ಓಹಿಯೋದಲ್ಲೂ ದೊಡ್ಡ ದೀಪದ ಗುಂಪಿನಲ್ಲೇ ಸಮೀಪದೃಷ್ಟಿ ಜಾಸ್ತಿ, 22% ಇದೆಯಲ್ಲ! ಹಾಗಾದರೆ ಸಂಬಂಧ ಇಲ್ಲ ಅಂತ ಯಾಕೆ ಹೇಳಿದರು?" ಉತ್ತರಿಸಿ. (3)

6. ಗುವಾಂಗ್‌ಝೌನಲ್ಲಿ ಲಾಟರಿ ಯಾಕೆ ಬೇಕಿತ್ತು? ಇಷ್ಟ ಇರುವ ಶಾಲೆಗಳೇ ಮುಂದೆ ಬಂದು ಪೀರಿಯಡ್ ಸೇರಿಸಿಕೊಂಡಿದ್ದರೆ ಏನು ತೊಂದರೆ ಆಗುತ್ತಿತ್ತು? (3)

7. ಪ್ಯಾರಾ 6ರಲ್ಲಿರುವ ತಪ್ಪುಗಳನ್ನು ಹುಡುಕಿ. ನಾಲ್ಕು ಸಿಕ್ಕರೆ ಪೂರ್ತಿ ಅಂಕ. (4)

ಉತ್ತರಗಳು (ಬರೆದಾದ ಮೇಲೆ ನೋಡಿ, ಮೊದಲೇ ಬೇಡ)

1. ಇ. ಬಹಳ ಜನ ಎಡವೋದು "ಆ" ಉತ್ತರದ ಹತ್ತಿರ. "ದೀಪದವರಲ್ಲಿ ಎಷ್ಟು ಜನಕ್ಕೆ ಸಮೀಪದೃಷ್ಟಿ" ಅನ್ನೋದು ಬೇರೆ, "ಸಮೀಪದೃಷ್ಟಿ ಇರುವವರಲ್ಲಿ ಎಷ್ಟು ಜನ ದೀಪದವರು" ಅನ್ನೋದು ಬೇರೆ. ಎರಡನೆಯದು ಗೊತ್ತಾಗಬೇಕಾದರೆ ಮೂರೂ ಗುಂಪಿನಲ್ಲಿ ಎಷ್ಟೆಷ್ಟು ಮಕ್ಕಳಿದ್ದರು ಅಂತ ಬೇಕು, ಈ ಸುದ್ದಿಯಲ್ಲಿ ಅದಿಲ್ಲ. "ಈ" ಉತ್ತರ ಯಾಕೆ ತಪ್ಪು ಅಂದರೆ ಇವರೆಲ್ಲ ಕಣ್ಣು ತೋರಿಸಲು ಬಂದ ಮಕ್ಕಳು. ಇಡೀ ದೇಶದ ಮಕ್ಕಳ ಲೆಕ್ಕವನ್ನು ಕಣ್ಣಿನ ಕ್ಲಿನಿಕ್ಕಿನ ಸಾಲಿನಲ್ಲಿ ಕೂತು ತೆಗೆಯೋಕಾಗಲ್ಲ.

2. "ಬೆಳಕು ಹೆಚ್ಚಾದಷ್ಟೂ ಕಣ್ಣಿಗೆ ಆಗುವ ಹಾನಿ ಹೆಚ್ಚುತ್ತದೆ." ತಿದ್ದಿದ ರೂಪ ಹೀಗಿರಬಹುದು: "ಎರಡು ವರ್ಷಕ್ಕೆ ಮುಂಚೆ ಹೆಚ್ಚು ಬೆಳಕಿನಲ್ಲಿ ಮಲಗುತ್ತಿದ್ದರು ಎಂದು ಪೋಷಕರು ಹೇಳಿದ ಮಕ್ಕಳ ಗುಂಪಿನಲ್ಲಿ ಸಮೀಪದೃಷ್ಟಿ ಇರುವವರ ಪಾಲು ಜಾಸ್ತಿ ಇತ್ತು." ಉದ್ದ ಆಯ್ತು ಅಲ್ವಾ? ಆಗಲಿ. "ಪೋಷಕರು ಹೇಳಿದ" ಅನ್ನೋದನ್ನು ಬಿಡದೆ ಬರೆದವರಿಗೆ ಶಭಾಷ್. ಹದಿನಾರು ವರ್ಷದ ಹುಡುಗನ ಅಮ್ಮನಿಗೆ ಅವನು ಎಳೆಕೂಸಾಗಿದ್ದಾಗ ಯಾವ ಬಲ್ಬ್ ಉರಿಯುತ್ತಿತ್ತು ಅನ್ನೋದು ಎಷ್ಟು ನೆನಪಿರುತ್ತೆ ಹೇಳಿ. ಕೋಳಿಮರಿಯ ವಾಕ್ಯ ಬರೆದವರಿಗೆ ಅಂಕ ಇಲ್ಲ: ಅದು ಮರಿಗಳ ಬಗ್ಗೆ ಹೇಳಿದೆ, ಅಲ್ಲಿಗೇ ನಿಂತಿದೆ.

3. ಸರಿಯಲ್ಲ. ಪ್ಯಾರಾ 3ರ ಕೊನೆಯ ವಾಕ್ಯ ನೋಡಿ. ಸಾಬೀತಾಗಿಲ್ಲ ಅಂತ ಅವರೇ ಬರೆದಿದ್ದಾರೆ. ಜಾಸ್ತಿ ಹೇಳಿದ್ದು ಹೆಡ್ಡಿಂಗ್.

4. ಪ್ಯಾರಾ 4ರ ಕೊನೆಯ ವಾಕ್ಯವೇ ದಾರಿ. ಅಪ್ಪ-ಅಮ್ಮನಿಗೆ ಸಮೀಪದೃಷ್ಟಿ ಇದ್ದರೆ ರಾತ್ರಿ ಎದ್ದಾಗ ಕಾಣಲಿ ಅಂತ ದೀಪ ಹಾಕಿಟ್ಟಿರಬಹುದು, ಅದೇ ದೋಷ ಮಗುವಿಗೂ ಇಳಿದು ಬಂದಿರಬಹುದು. ಆಗ ದೀಪವೂ ಕನ್ನಡಕವೂ ಒಂದೇ ಮನೆಯಲ್ಲಿ ಕಾಣುತ್ತವೆ, ಆದರೆ ಒಂದರಿಂದ ಇನ್ನೊಂದು ಬಂದಿರೋದಿಲ್ಲ. ಫಿಲಡೆಲ್ಫಿಯಾದವರು ಪೋಷಕರ ಕಣ್ಣಿನ ಬಗ್ಗೆ ವಿಚಾರಿಸಿದ್ದರು ಅನ್ನುವ ಮಾತು ಪ್ಯಾರಾ 2ರಲ್ಲಿ ಎಲ್ಲೂ ಇಲ್ಲ, ಅದನ್ನೂ ಬರೆದರೆ ಒಳ್ಳೆಯದು. ಪೋಷಕರ ನೆನಪಿನ ತಪ್ಪು ಅಂತ ಬರೆದವರಿಗೂ ಅಂಕ ಕೊಡ್ತೀನಿ, ಆದರೆ ನೆನಪು ಯಾವ ಕಡೆಗೆ ವಾಲಿರಬೇಕು ಅಂತ ವಿವರಿಸಬೇಕು. ಸುಮ್ನೆ "ಮರೆತಿರಬಹುದು" ಅಂದರೆ ಸಾಲದು, ಎಲ್ಲರೂ ಒಂದೇ ಥರ ಮರೆತಿದ್ದರೆ ಗುಂಪುಗಳ ನಡುವಿನ ವ್ಯತ್ಯಾಸ ಕಮ್ಮಿಯಾಗಬೇಕೇ ಹೊರತು ಇಷ್ಟು ದೊಡ್ಡದಾಗಬಾರದು.

5. ಇದು ನನಗೆ ಇಷ್ಟವಾದ ಪ್ರಶ್ನೆ, ಸ್ವಲ್ಪ ನಿಧಾನ ಮಾಡೋಣ. ದೊಡ್ಡ ದೀಪದ ಗುಂಪಿನಲ್ಲಿ ಇದ್ದವರು ಬರೀ 45 ಮಕ್ಕಳು. 45ರಲ್ಲಿ 22% ಅಂದರೆ ಹತ್ತು ಮಕ್ಕಳು. ಅದರಲ್ಲಿ ಒಂದೇ ಒಂದು ಮಗುವಿಗೆ ಸಮೀಪದೃಷ್ಟಿ ಇರಲಿಲ್ಲ ಅಂದುಕೊಳ್ಳಿ: 45ರಲ್ಲಿ 9, ಸರಿಯಾಗಿ 20%. ಕತ್ತಲಲ್ಲಿ ಮಲಗಿದವರದ್ದೂ 20%. ಒಂದು ಮಗು ಆಚೀಚೆ ಆದರೆ ಕರಗಿ ಹೋಗುವ ವ್ಯತ್ಯಾಸ ಅದು. ಇನ್ನು ಮಧ್ಯದ ಗುಂಪು ನೋಡಿ, 758 ಮಕ್ಕಳಿರುವ ದೊಡ್ಡ ಗುಂಪು. ಅಲ್ಲಿ 17%, ಕತ್ತಲಿನ ಗುಂಪಿಗಿಂತ ಕಮ್ಮಿ! ಬೆಳಕೇ ಕಾರಣವಾಗಿದ್ದರೆ 10, 34, 55 ಥರ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಿತ್ತು, ಇಲ್ಲಿ ಇಳಿದು ಹತ್ತಿದೆ. 22 ಅನ್ನೋ ಅಂಕಿಯನ್ನಷ್ಟೇ ನೋಡಿ, ಅದು ಎಷ್ಟು ಜನರದ್ದು ಅಂತ ನೋಡದವರು ಇಲ್ಲಿ ಸಿಕ್ಕಿಬೀಳ್ತಾರೆ.

6. ಇಷ್ಟಪಟ್ಟು ಬರುವ ಶಾಲೆಗಳು ಮೊದಲೇ ಬೇರೆ ಥರ ಇರಬಹುದು: ದೊಡ್ಡ ಮೈದಾನ ಇರೋದು, ಹೋಮ್‌ವರ್ಕ್ ಕಮ್ಮಿ ಕೊಡೋದು, ಆಟಕ್ಕೆ ಬೆಲೆ ಕೊಡುವ ಪೋಷಕರು ಇರೋದು. ಆಮೇಲೆ ಸಮೀಪದೃಷ್ಟಿ ಕಮ್ಮಿ ಬಂದರೆ ಅದು ಪೀರಿಯಡ್ಡಿನಿಂದಲೋ ಇವುಗಳಿಂದಲೋ ಹೇಳೋಕಾಗಲ್ಲ. ಲಾಟರಿಗೆ ಮೈದಾನವೂ ಗೊತ್ತಿಲ್ಲ, ಪೋಷಕರೂ ಗೊತ್ತಿಲ್ಲ. ಹಾಗಾಗಿ ಇಲ್ಲಿ "ಆ ಪೀರಿಯಡ್ ಸೇರಿಸಿದ್ದರಿಂದ ಕಮ್ಮಿಯಾಯಿತು" ಅನ್ನೋಕೆ ಪ್ಯಾರಾ 2ರಲ್ಲಿ ಇಲ್ಲದ ಬಲ ಸಿಗುತ್ತದೆ.

7. ಮೊದಲು ಸುಲಭದ್ದು. "ಚಿಂತೆಯೇ ಇಲ್ಲ" ಅನ್ನೋದು ಸುಳ್ಳು. ಹೊರಗೆ ಹೋದ ಗುಂಪಿನಲ್ಲೂ ನೂರಕ್ಕೆ ಮೂವತ್ತು ಮಕ್ಕಳಿಗೆ ಸಮೀಪದೃಷ್ಟಿ ಬಂದಿದೆ. ವ್ಯತ್ಯಾಸ ನೂರಕ್ಕೆ ಸುಮಾರು ಒಂಬತ್ತು ಮಕ್ಕಳದ್ದು. ಅದೂ ದೊಡ್ಡದೇ, ಆದರೆ ಪೂರ್ತಿ ತಡೆ ಅಲ್ಲ.

ಎರಡನೆಯದು, "ಬಿಸಿಲು". ಪ್ಯಾರಾ 5ರಲ್ಲಿ ಇರೋದು "ಹೊರಾಂಗಣ ಪೀರಿಯಡ್", ಬಿಸಿಲು ಅನ್ನೋ ಮಾತೇ ಇಲ್ಲ. ಕೆಲಸ ಮಾಡಿದ್ದು ಬೆಳಕೋ, ದೂರ ನೋಡಿದ್ದೋ, ಅಷ್ಟು ಹೊತ್ತು ಪುಸ್ತಕ ಹಿಡಿಯದೇ ಇದ್ದದ್ದೋ ಅಂತ ಈ ಪ್ರಯೋಗ ಬೇರ್ಪಡಿಸಿ ಹೇಳೋದಿಲ್ಲ. ಮಾಡಿದ ಬದಲಾವಣೆ ಕೆಲಸ ಮಾಡಿತು ಅನ್ನೋದು ಒಂದು, ಯಾಕೆ ಮಾಡಿತು ಅನ್ನೋದು ಇನ್ನೊಂದು.

ಮೂರನೆಯದು ಕಷ್ಟದ್ದು. ಜೀನ್ ಕಾರಣ ಅಂತ ಈ ಸುದ್ದಿಯಿಂದ "ಖಚಿತ" ಆಗುತ್ತಾ? ಇಲ್ಲ. ಓಹಿಯೋದವರು ಕಂಡದ್ದು ಪೋಷಕರ ಸಮೀಪದೃಷ್ಟಿಗೂ ದೀಪಕ್ಕೂ ಇರುವ ನಂಟು. ಅದು ಕೂಡ ನಂಟೇ! ದೀಪದ ವಿಷಯದಲ್ಲಿ "ಜೊತೆಗಿದೆ ಅಂದಮಾತ್ರಕ್ಕೆ ಕಾರಣ ಅಲ್ಲ" ಅಂತ ಹೇಳಿ, ಮರುಕ್ಷಣ ಪೋಷಕರ ವಿಷಯದಲ್ಲಿ ಅದೇ ಥರದ ನಂಟನ್ನು ಕಾರಣ ಅಂತ ಒಪ್ಪಿಕೊಂಡುಬಿಡ್ತೀವಿ, ಅದೂ ನಮಗೆ ಬುದ್ಧಿವಂತರಾದ ಖುಷಿ ಬೇರೆ. ನಾಲ್ಕನೇ ಪ್ರಶ್ನೆಗೆ ನೀವು ಬರೆದದ್ದು ಒಂದು ಸಾಧ್ಯತೆ ಅಷ್ಟೇ. ಹಾಗೆ ನೋಡಿದರೆ ಪೋಷಕರ ಕಥೆ ಪೂರ್ತಿ ನಿಜವಾಗಿದ್ದರೆ ಓಹಿಯೋದ ದೀಪದ ಗುಂಪುಗಳಲ್ಲೂ ಸಮೀಪದೃಷ್ಟಿ ಸ್ವಲ್ಪವಾದರೂ ಜಾಸ್ತಿ ಕಾಣಬೇಕಿತ್ತಲ್ಲ, ಕಂಡಿಲ್ಲ. ಜೀನ್ ಪಾತ್ರಕ್ಕೆ ಬೇರೆ ಕಡೆ ಒಳ್ಳೆಯ ಪುರಾವೆಗಳಿವೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಈ ಆರು ಪ್ಯಾರಾದಲ್ಲಿ ಇಲ್ಲ ಅಂತಿದ್ದೇನೆ.

ನಾಲ್ಕನೆಯದು "ನಿಜವಾದ ಕಾರಣ" ಅನ್ನುವ ಧಾಟಿ, ಇವೆರಡು ಬಿಟ್ಟರೆ ಬೇರೇನೂ ಇಲ್ಲ ಅನ್ನುವ ಹಾಗೆ. ಓದುವ ಹೊತ್ತು, ಪುಸ್ತಕ ಹಿಡಿಯುವ ದೂರ, ಇವನ್ನೆಲ್ಲ ಈ ಸುದ್ದಿಯ ಯಾವ ಅಧ್ಯಯನವೂ ಅಳೆದ ಮಾತಿಲ್ಲ, ಹಾಗಾಗಿ ಪಟ್ಟಿಯಿಂದ ತೆಗೆದುಹಾಕೋಕೂ ಆಗಲ್ಲ. ಐದನೇ ತಪ್ಪು ಹುಡುಕಿದವರು ಸೋಮವಾರ ಲ್ಯಾಬ್ ಹತ್ತಿರ ಬಂದು ತೋರಿಸಿ, ಸರಿ ಇದ್ದರೆ ಒಂದು ಅಂಕ ಜಾಸ್ತಿ.